3:2 ಗ್ರೂಪ್ ಫೋಟೋ, 8x10 ಫ್ರೇಮ್: ಯಾವ ಅಂಚು ಬಿಡೋದು?

ಸುಮಾ_ತಿಪಟೂರು
ಎಲ್ಲರಿಗೂ ನಮಸ್ಕಾರ. ಗೃಹಪ್ರವೇಶದ ದಿನ ತೆಗೆಸಿದ ಗ್ರೂಪ್ ಫೋಟೋ ಒಂದಿದೆ, ಒಟ್ಟು 17 ಜನ. ಹಿಂದೆ ನಿಂತವರು, ಮಧ್ಯೆ ಕುರ್ಚಿಯಲ್ಲಿ ಹಿರಿಯರು, ಮುಂದೆ ಜಮಖಾನದ ಮೇಲೆ ಮಕ್ಕಳು. ಕ್ಯಾಮೆರಾದವರು ಕೊಟ್ಟ ಫೈಲ್ 6000x4000 ಇದೆ. ಅಮ್ಮನಿಗೊಂದು ಅತ್ತೆಗೊಂದು ಅಂತ 8x10 ಅಳತೆಯ ಎರಡು ತೇಗದ ಫ್ರೇಮ್ ತಂದಾಗಿದೆ.

ಲ್ಯಾಬ್‌ನಲ್ಲಿ 8x10 ಪ್ರಿಂಟ್ ಹಾಕಿಸಿದರೆ ಎಡತುದಿಯಲ್ಲಿ ನಿಂತ ಸೋದರಮಾವನ ತೋಳೇ ಇಲ್ಲ. ಫ್ರೇಮಿಗೆ ಕೂರಿಸಿದ ಮೇಲೆ ಬಲತುದಿಯ ಚಿಕ್ಕಮ್ಮನ ಸೆರಗೂ ಅಂಚಿನ ಕೆಳಗೆ ಹೋಯಿತು. "ಫೋಟೋನೇ ಹಾಗಿದೆ ಮೇಡಂ" ಅಂತಾರೆ ಅಂಗಡಿಯವರು. ಯಾರನ್ನೂ ಕತ್ತರಿಸದೆ ಇದೇ ಫ್ರೇಮಿಗೆ ಹಾಕೋಕೆ ಆಗುತ್ತಾ? ಎರಡು ಕಡೆ ಬಾಳೆಕಂಬ ಇದೆ, ಮೇಲೆ ತೋರಣ ಇದೆ. ಅವು ಹೋದರೂ ಬೇಜಾರಿಲ್ಲ, ಜನ ಹೋಗಬಾರದು.

ಕಿರಣ್_99
ಕ್ರಾಪ್ ಯಾಕೆ? ರೀಸೈಜ್‌ನಲ್ಲಿ ಬೀಗದ ಗುರುತು ತೆಗೆದು 10 ಮತ್ತು 8 ಅಂತ ಟೈಪ್ ಮಾಡಿ. ಎಲ್ಲರೂ ಒಳಗೇ ಇರ್ತಾರೆ.

ಚೌಕಟ್ಟು
ದಯವಿಟ್ಟು ಬೇಡ. 6000 ಅಗಲವನ್ನು 5000ಕ್ಕೆ ಹಿಂಡಿದರೆ ಪ್ರತಿಯೊಬ್ಬರ ಮುಖವೂ ಆರರಲ್ಲಿ ಒಂದು ಪಾಲು ಕಿರಿದಾಗುತ್ತೆ. ದುಂಡು ಮುಖದವರು ಕಾಯಿಲೆ ಬಿದ್ದವರ ಹಾಗೆ ಕಾಣ್ತಾರೆ. ಮನೆಯವರ ಮುಖ ಹೇಗಿರುತ್ತೆ ಅಂತ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತೆ, ಕೊಟ್ಟ ಕೂಡಲೇ "ಇದೇನೋ ಸರಿಯಿಲ್ಲ" ಅಂತಾರೆ. ನೂರಕ್ಕೆ ಎರಡು ಪಾಲಿನಷ್ಟು ಹಿಂಡಿದರೆ ಗೊತ್ತಾಗಲ್ಲ. ಇಷ್ಟು ಹಿಂಡಿದರೆ ಖಂಡಿತ ಗೊತ್ತಾಗುತ್ತೆ.

ಪಾಟೀಲ_ಧಾರವಾಡ
ಅಕ್ಕಾರ, ಮ್ಯಾಲೆ ತೋರಣ ಹೋದ್ರೂ ನಡೀತದ ಅಂತೀರಲ್ಲ. ಹಂಗಾದ್ರ ಮ್ಯಾಲಿಂದ ಕಟ್ ಮಾಡ್ರಿ, ಬಾಜೂಕ ನಿಂತ ಮಂದಿ ಉಳೀತಾರ. ಇಷ್ಟಕ್ಕ ಯಾಕ ತಲಿ ಕೆಡಿಸ್ಕೋಬೇಕು?

ಬೀಡಿಂಗ್_ಭಟ್ರು
ಪಾಟೀಲರೇ, ಇದು ಎಲ್ಲರಿಗೂ ಮೊದಲು ಹೊಳೆಯೋ ದಾರಿ, ಆದರೆ ಇಲ್ಲಿ ತಿರುಗುಮುರುಗು ಆಗುತ್ತೆ. ಅವರ ಫೋಟೋ ಫ್ರೇಮಿಗಿಂತ ಉದ್ದುದ್ದ ಇದೆ. ಎತ್ತರ 4000 ಇದ್ದಾಗ 8x10ಕ್ಕೆ ಸಿಗೋ ಅಗಲ 5000. ಮೇಲಿಂದ 500 ಕತ್ತರಿಸಿ ಎತ್ತರ 3500 ಮಾಡಿದರೆ ಅಗಲ 4375ಕ್ಕೆ ಇಳಿಯುತ್ತೆ. ಮೇಲೆ ಕತ್ತರಿಸಿದಷ್ಟೂ ಬದಿಯಲ್ಲಿ ಇನ್ನೂ ಹೆಚ್ಚು ಜನ ಹೋಗ್ತಾರೆ.

ನೀವು ಹೇಳಿದ್ದು ಸರಿಹೋಗೋದು ಫೋನಿನ 4:3 ಫೋಟೋವನ್ನು 4x6 ಅಥವಾ 8x12 ಮಾಡುವಾಗ. ಅಲ್ಲಿ ಫ್ರೇಮೇ ಫೋಟೋಗಿಂತ ಉದ್ದ, ಹಾಗಾಗಿ ಮೇಲೆ ಕೆಳಗೆ ಮಾತ್ರ ಹೋಗುತ್ತೆ. 4000x3000ರಲ್ಲಿ 333 ಪಿಕ್ಸೆಲ್ ಎತ್ತರ ಹೋಗುತ್ತೆ, ಅದನ್ನು ಮೇಲಿಂದಲೋ ಕೆಳಗಿಂದಲೋ ಅಂತ ನೀವು ಆರಿಸಿಕೊಳ್ಳಬಹುದು.

ಪಾಟೀಲ_ಧಾರವಾಡ
ಹೌದಲ್ರೀ! ನಾನು ಫೋನ್ ಫೋಟೋ ಲೆಕ್ಕದಾಗ ಹೇಳಿದ್ದೆ. ತಿಳೀತು.

ನಾಗರಾಜ_ಕೆ
3.5x4.5 ಸೆಂಟಿಮೀಟರ್, 50 ಕೆಬಿ ಒಳಗೆ ಬೇಕು ಅಂದ್ರೆ ಆನ್‌ಲೈನ್‌ನಲ್ಲಿ ಮಾಡೋ ಸೈಟ್‌ಗಳಿವೆ ಮೇಡಂ. ಹಿನ್ನೆಲೆ ಬಿಳಿ ಇರಬೇಕು ನೋಡಿಕೊಳ್ಳಿ.

ಸುಮಾ_ತಿಪಟೂರು
ನಾಗರಾಜ ಅವರೇ, ಇದು ಅರ್ಜಿಗೆ ಹಾಕೋ ಫೋಟೋ ಅಲ್ಲ, ಗೋಡೆಗೆ ಹಾಕೋದು 🙂

ಬೀಡಿಂಗ್_ಭಟ್ರು
ಸುಮಾ ಅವರೇ, ಅಂದಾಜಿನ ಮೇಲೆ ಹೇಳಿದರೆ ಪ್ರಯೋಜನವಿಲ್ಲ, ಅಳತೆ ಬೇಕು. ವಿಂಡೋಸ್‌ನ ಪೇಂಟ್‌ನಲ್ಲಿ ಫೋಟೋ ತೆರೆಯಿರಿ. ಮೌಸ್ ಎಲ್ಲಿಟ್ಟರೆ ಅಲ್ಲಿನ ಪಿಕ್ಸೆಲ್ ಸಂಖ್ಯೆ ಕೆಳಗಡೆ ಎಡಮೂಲೆಯಲ್ಲಿ ಕಾಣುತ್ತೆ. ಐದು ಸಂಗತಿ ಬರೆದು ತಿಳಿಸಿ: ಎಡತುದಿಯವರ ಮೊಣಕೈ ಎಲ್ಲಿ ಶುರು, ಬಲತುದಿಯವರ ಸೆರಗು ಎಲ್ಲಿ ಮುಗಿಯುತ್ತೆ, ಎಲ್ಲರಿಗಿಂತ ಎತ್ತರದ ತಲೆ ಎಲ್ಲಿದೆ, ಮಕ್ಕಳ ಮಂಡಿ ಕೆಳಗೆ ಎಲ್ಲಿವರೆಗೆ ಬಂದಿದೆ, ಬಾಳೆಕಂಬ ಎಲ್ಲಿಂದ ಎಲ್ಲಿವರೆಗೆ ಇದೆ.

ಸುಮಾ_ತಿಪಟೂರು
ನೋಡಿದೆ. ಮಾವನ ಮೊಣಕೈ 310. ಚಿಕ್ಕಮ್ಮನ ಸೆರಗು 5420. ಎತ್ತರದ ತಲೆ ಮೇಲಿಂದ 700. ಮಕ್ಕಳ ಮಂಡಿ 3860. ಎಡ ಬಾಳೆಕಂಬದ ದಿಂಡು 40ರಿಂದ 170, ಆದರೆ ಅದರ ಎಲೆ ಒಳಕ್ಕೆ ಬಾಗಿ ಮಾವನ ತಲೆ ಮೇಲೆ 520ರವರೆಗೆ ಬಂದಿದೆ. ಬಲಗಡೆ ದಿಂಡು 5600ರಿಂದ 5850, ಎಲೆ 5480ರವರೆಗೆ. ತೋರಣ ಮೇಲಿನ 60ರಿಂದ 330ರೊಳಗೆ.

ಬೀಡಿಂಗ್_ಭಟ್ರು
ಈಗ ಚಿತ್ರ ಸ್ಪಷ್ಟವಾಯಿತು.

ಜನ ಹರಡಿರೋದು 310ರಿಂದ 5420ರವರೆಗೆ, ಅಂದರೆ 5110 ಪಿಕ್ಸೆಲ್. 8x10ಕ್ಕೆ ಸಿಗೋದೇ 5000. ಅಂದಮೇಲೆ ಎಡಕ್ಕೆ ಸರಿಸಿದರೂ ಬಲಕ್ಕೆ ಸರಿಸಿದರೂ ಯಾರಾದರೊಬ್ಬರು ಹೋಗಲೇಬೇಕು. ಇದರ ಜೊತೆಗೆ ಬೀಡಿಂಗ್‌ನ ಒಳತುಟಿ ಗಾಜಿನ ಮೇಲೆ ಪ್ರತಿ ಬದಿಗೂ ಸುಮಾರು ಕಾಲು ಇಂಚು ಚಾಚಿಕೊಂಡಿರುತ್ತೆ. ಇಲ್ಲದಿದ್ದರೆ ಗಾಜು ಮುಂದಕ್ಕೆ ಬಿದ್ದುಹೋಗುತ್ತೆ. ಹಾಗಾಗಿ 8x10 ಫ್ರೇಮಿನಲ್ಲಿ ಕಣ್ಣಿಗೆ ಕಾಣೋದು ಏಳೂವರೆ, ಒಂಬತ್ತೂವರೆ ಇಂಚು. ನಿಮ್ಮ ಫೈಲಿನ ಲೆಕ್ಕದಲ್ಲಿ ಇಂಚಿಗೆ 500 ಪಿಕ್ಸೆಲ್, ಕಾಲು ಇಂಚು ಅಂದರೆ 125. ಕೊನೆಗೆ ಕಾಣೋ ಅಗಲ 4750 ಮಾತ್ರ.

ಲ್ಯಾಬ್‌ನಲ್ಲಿ ಆಗಿದ್ದೂ ಇದರಿಂದ ಗೊತ್ತಾಗುತ್ತೆ. ಮೆಷಿನ್ ನಡುಮಧ್ಯ ಹಿಡಿದು ಎರಡು ಕಡೆಯಿಂದ 500-500 ತೆಗೆದಿದೆ, ಉಳಿದಿದ್ದು 500ರಿಂದ 5500. ಮಾವನ ಮೊಣಕೈ 310ರಲ್ಲಿ ಇತ್ತು, ಹೋಯಿತು. ಸೆರಗು 5420ರಲ್ಲಿ ಇತ್ತು, ಪ್ರಿಂಟ್‌ನಲ್ಲಿ ಉಳಿಯಿತು. ಫ್ರೇಮಿನ ತುಟಿ 5375ರಿಂದ ಆಚೆ ಮುಚ್ಚಿತು, ಸೆರಗೂ ಹೋಯಿತು. ಗುಂಪು ಫೋಟೋದ ನಡುಮಧ್ಯದಲ್ಲಿ ನಿಂತಿಲ್ಲ, ಸ್ವಲ್ಪ ಎಡಕ್ಕಿದೆ. ಮೆಷಿನ್‌ಗೆ ಅದು ಗೊತ್ತಾಗಲ್ಲ.

ಫೋಟೋ ಹಾಗಿದೆ ಅನ್ನೋದು ಅರ್ಧ ನಿಜ. ಯಾರೂ ಅಳೆಯದೆ ಪ್ರಿಂಟ್ ಹಾಕಿದ್ದು ಉಳಿದರ್ಧ.

ಕಿರಣ್_99
ಹಾಗಿದ್ರೆ 8x12 ಫ್ರೇಮ್ ತಗೊಂಡ್ರೆ ಮುಗೀತಲ್ಲ? 3:2 ಫೋಟೋಗೆ 8x12 ಪಕ್ಕಾ ಕೂರುತ್ತೆ, ಏನೂ ಹೋಗಲ್ಲ.

ಚೌಕಟ್ಟು
ಬದಿ ಮಟ್ಟಿಗೆ ನಿಮ್ಮ ಮಾತು ಸರಿ. ಕೆಳಗಡೆ ನೋಡಿ. ಮಕ್ಕಳ ಮಂಡಿ 3860ಕ್ಕೆ ಇದೆ, ಅದರ ಕೆಳಗೆ ಉಳಿದಿರೋದು 140 ಪಿಕ್ಸೆಲ್. 8x12ರಲ್ಲೂ ಇಂಚಿಗೆ 500, ಫ್ರೇಮ್ ತುಟಿ 125 ನುಂಗುತ್ತೆ. ಅಂಚಿಲ್ಲದ ಪ್ರಿಂಟ್ ಹಾಕುವಾಗ ಮೆಷಿನ್ ಬಿಳಿ ಗೆರೆ ಬರದಿರಲಿ ಅಂತ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡುತ್ತೆ, ಪ್ರತಿ ಬದಿಗೂ ಎರಡು ಮಿಲಿಮೀಟರ್ ಆದರೂ ಆಚೆ ಹೋಗುತ್ತೆ. ಅಂದರೆ ಇನ್ನೊಂದು 40 ಪಿಕ್ಸೆಲ್. 125ಕ್ಕೆ 40 ಸೇರಿಸಿದರೆ 165. ಮಕ್ಕಳ ಮಂಡಿ ಮರದ ಅಂಚಿಗೆ ತಾಗಿಬಿಡುತ್ತೆ.

ಅನುಪಾತ ಹೊಂದಿದರೂ ಏನೂ ಹೋಗಲ್ಲ ಅನ್ನೋ ಹಾಗಿಲ್ಲ. ಫ್ರೇಮ್ ಯಾವುದೇ ಇರಲಿ, ನಾಲ್ಕೂ ಕಡೆ ಕಾಲು ಇಂಚು ಕಳೆದೇ ಲೆಕ್ಕ ಹಾಕಬೇಕು.

ಕಿರಣ್_99
ಇದು ಗೊತ್ತಿರಲಿಲ್ಲ. ಹಾಗಾದ್ರೆ ದಾರಿ ಏನು?

ಬೀಡಿಂಗ್_ಭಟ್ರು
ದಾರಿ ಇದೆ. 8x10 ಫ್ರೇಮಿನೊಳಗೆ 6x8 ಅಳತೆಯ ಚಿತ್ರ ಕೂರಿಸಿ, ಸುತ್ತ ಒಂದೊಂದು ಇಂಚು ಬಿಳಿ ಬಿಡಿ. 6ಕ್ಕೆ ಎರಡು ಕೂಡಿದರೆ 8, 8ಕ್ಕೆ ಎರಡು ಕೂಡಿದರೆ 10. ನಾಲ್ಕೂ ಕಡೆ ಅಂಚು ಸಮ.

6x8 ಅಂದರೆ 4:3. ಎತ್ತರ 4000 ಪೂರ್ತಿ ಇಟ್ಟುಕೊಂಡರೆ ಅಗಲ 5333 ಸಿಗುತ್ತೆ. ಜನ ಇರೋದು 5110, ಉಳಿದದ್ದು 223. ಅದನ್ನು ಎರಡು ಕಡೆ ಹಂಚಿ. ಎಡದಿಂದ 200 ಬಿಡಿ, ಬಲದಿಂದ 467 ಬಿಡಿ, 200ರಿಂದ 5533ರವರೆಗೆ ಇಟ್ಟುಕೊಳ್ಳಿ. ಮಾವನ ಮೊಣಕೈಗೆ 110 ಪಿಕ್ಸೆಲ್, ಸೆರಗಿಗೆ 113 ಪಿಕ್ಸೆಲ್ ಉಸಿರಾಡೋಕೆ ಜಾಗ. ಬಲಗಡೆಯಿಂದ ಎರಡು ಪಟ್ಟು ಹೆಚ್ಚು ಹೋಗ್ತಿದೆ ಅಂತ ಗಾಬರಿ ಬೇಡ. ಹಾಗೆ ಮಾಡಿದಾಗಲೇ ಗುಂಪು ಚಿತ್ರದ ಮಧ್ಯಕ್ಕೆ ಬರೋದು.

ಫ್ರೇಮಿನ ತುಟಿ ಮುಚ್ಚೋದು ಬಿಳಿ ಅಂಚನ್ನು. ಒಂದು ಇಂಚಿನಲ್ಲಿ ಕಾಲು ಇಂಚು ಒಳಗೆ ಹೋಗಿ ಮುಕ್ಕಾಲು ಇಂಚು ಕಾಣುತ್ತೆ. ಚಿತ್ರಕ್ಕೆ ಏನೂ ತಾಗಲ್ಲ, ಮಕ್ಕಳ ಮಂಡಿಯೂ ಪೂರ್ತಿ ಉಳಿಯುತ್ತೆ.

ಸುಮಾ_ತಿಪಟೂರು
ಭಟ್ರೇ, ಬಹಳ ಉಪಕಾರ! ಎರಡು ಪ್ರಶ್ನೆ. ಬಾಳೆಕಂಬ ಅರ್ಧ ಉಳಿಯುತ್ತಾ? ಮತ್ತೆ ಲ್ಯಾಬ್‌ನವರಿಗೆ ಏನಂತ ಹೇಳಬೇಕು?

ಚೌಕಟ್ಟು
ದಿಂಡು ಎರಡೂ ಪೂರ್ತಿ ಆಚೆ ಹೋಗುತ್ತೆ, ಅದು ಒಳ್ಳೆಯದೇ. ಒಂದು ಕಡೆ ಕಂಬ ಉಳಿದು ಇನ್ನೊಂದು ಕಡೆ ಹೋದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತೆ. ಜೋಡಿಯಾಗಿರೋದನ್ನ ಇಟ್ಟರೆ ಎರಡೂ ಇಡಬೇಕು, ಬಿಟ್ಟರೆ ಎರಡೂ ಬಿಡಬೇಕು. ದೀಪದ ಕಂಬ, ಕಲಶ, ಕಾರಿಡಾರಿನ ಕಂಬ, ಎಲ್ಲಕ್ಕೂ ಇದೇ ಮಾತು.

ಆದರೆ ಎಡಗಡೆ ಎಲೆ 520ರವರೆಗೆ ಬಂದಿದೆ ಅಂದಿರಿ. ದಿಂಡು ಹೋಗಿ ಎಲೆ ಮಾತ್ರ ಉಳಿದರೆ ಮಾವನ ತಲೆ ಮೇಲೆ ಎಲ್ಲಿಂದಲೋ ಹಸಿರು ನಾಲಿಗೆ ಚಾಚಿದ ಹಾಗೆ ಕಾಣುತ್ತೆ. ಹಿಂದೆ ಬರೀ ಗೋಡೆ ಇದ್ದರೆ ಕ್ಲೋನ್ ಟೂಲ್‌ನಿಂದ ಪಕ್ಕದ ಗೋಡೆ ತಂದು ಎಲೆ ಮುಚ್ಚಿ. ತೋರಣಕ್ಕೆ ಎಲೆ ತಾಗಿದ್ದರೆ ಮುಟ್ಟಬೇಡಿ, ತೋರಣದ ಜೊತೆ ಸೇರಿಕೊಂಡು ಅಲಂಕಾರದ ಭಾಗವಾಗಿಯೇ ಕಾಣುತ್ತೆ. ಬಲಗಡೆ ಉಳಿಯೋದು 50 ಪಿಕ್ಸೆಲ್‌ನಷ್ಟು ಎಲೆತುದಿ, ಅದನ್ನು ಒರೆಸಿಬಿಡಿ.

ವಿಕಾಸ್_ಸ್ಯಾನ್‌ಹೋಸೆ
ಲ್ಯಾಬ್‌ನವರ ಕೈಗೆ ಕ್ರಾಪ್ ಬಿಡಲೇಬೇಡಿ. ಬಿಳಿ ಅಂಚು ಸಮೇತ 8x10 ಫೈಲ್ ನೀವೇ ಮಾಡಿ ಕೊಟ್ಟರೆ ಮೆಷಿನ್‌ಗೆ ಕತ್ತರಿಸೋಕೆ ಏನೂ ಉಳಿಯಲ್ಲ. ImageMagick ಇದ್ದರೆ ಒಂದೇ ಸಾಲು:

```
magick group.jpg -crop 5333x4000+200+0 +repage -bordercolor white -border 667 -density 667 -units PixelsPerInch -quality 95 group_8x10.jpg
```

+200 ಅಂದರೆ ಎಡದಿಂದ 200 ಬಿಡು ಅಂತ, +0 ಅಂದರೆ ಮೇಲಿಂದ ಏನೂ ಬಿಡಬೇಡ ಅಂತ. 5333 ಪಿಕ್ಸೆಲ್ 8 ಇಂಚಿನಲ್ಲಿ ಕೂತರೆ ಇಂಚಿಗೆ 667, ಅದಕ್ಕೇ ಅಂಚೂ 667. ಕೊನೆಗೆ ಬರೋ ಫೈಲ್ 6667x5334. ಎಲೆ ಒರೆಸೋದಿದ್ದರೆ ಮೊದಲು ಒರೆಸಿ, ಆಮೇಲೆ ಇದನ್ನು ಓಡಿಸಿ.

ವಾಟ್ಸಾಪ್‌ನಲ್ಲಿ ಲ್ಯಾಬ್‌ಗೆ ಕಳಿಸೋದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಉದ್ದದ ಬದಿ ಸಾಮಾನ್ಯವಾಗಿ 1600 ಪಿಕ್ಸೆಲ್‌ಗೆ ಇಳಿದುಬಿಡುತ್ತೆ. 17 ಜನರ ಮುಖದಲ್ಲಿ ಆಮೇಲೆ ಏನೂ ಉಳಿಯಲ್ಲ.

ಸುಮಾ_ತಿಪಟೂರು
ಕಮಾಂಡ್ ನನಗೆ ಬರಲ್ಲ, ಗಿಂಪ್ ಇದೆ.

ವಿಕಾಸ್_ಸ್ಯಾನ್‌ಹೋಸೆ
ಗಿಂಪ್‌ನಲ್ಲೂ ಸುಲಭ. ಕ್ರಾಪ್ ಟೂಲ್ ಹಿಡಿದು Fixed ಪಕ್ಕ Aspect ratio ಆರಿಸಿ 4:3 ಬರೆಯಿರಿ. ಕೆಳಗಿರೋ Position ಮತ್ತು Size ಖಾನೆಗಳಲ್ಲಿ 200, 0 ಮತ್ತು 5333, 4000 ಟೈಪ್ ಮಾಡಿ ಎಂಟರ್ ಒತ್ತಿ. ಆಮೇಲೆ Image ಮೆನುವಿನ Canvas Size ತೆರೆದು ಅಗಲ 6667, ಎತ್ತರ 5334 ಕೊಟ್ಟು Center ಒತ್ತಿ. ಅಗಲ ಎತ್ತರಗಳ ಮಧ್ಯೆ ಇರೋ ಸರಪಳಿ ಗುರುತನ್ನು ಮೊದಲು ಬಿಚ್ಚಿ, ಇಲ್ಲದಿದ್ದರೆ ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುತ್ತೆ. ಕೊನೆಗೆ ಕೆಳಗೆ ಬಿಳಿ ಲೇಯರ್ ಹಾಕಿ ಎಕ್ಸ್‌ಪೋರ್ಟ್ ಮಾಡಿ.

ರೇಖಾ_ಎಂ
ನನ್ನದೂ ಒಂದು ಇದೇ ತರಹದ ತೊಂದರೆ, ಇಲ್ಲೇ ಕೇಳ್ತೀನಿ. ನಮ್ಮ ಅಜ್ಜನ ಒಳ್ಳೆ ಫೋಟೋ ಅಂತ ಇರೋದು ವಾಟ್ಸಾಪ್ ಸ್ಟೇಟಸ್‌ನಿಂದ ಇಳಿಸಿಕೊಂಡಿದ್ದು, 1080x1920, ಉದ್ದಕ್ಕಿದೆ. ಎದೆಯಿಂದ ಮೇಲೆ ಅಲ್ಲ, ಸೊಂಟದವರೆಗೆ ಇದೆ. ಹಾರ ಹಾಕೋಕೆ 12x18 ಫ್ರೇಮ್ ಮಾಡಿಸಬೇಕು ಅಂತಿದ್ದಾರೆ ಮನೆಯಲ್ಲಿ. ತಲೆ ಮೇಲೆ ಜಾಗ ಬಹಳ ಕಡಿಮೆ, 90 ಪಿಕ್ಸೆಲ್ ಇರಬಹುದು. ಹಿಂದೆ ಸುಣ್ಣ ಹೊಡೆದ ಗೋಡೆ.

ಬೀಡಿಂಗ್_ಭಟ್ರು
ರೇಖಾ ಅವರೇ, ನಿಮ್ಮದು ಬೇರೆ ಲೆಕ್ಕ, ಕತ್ತರಿಸೋದು ಎತ್ತರದಲ್ಲಿ. 1080 ಅಗಲಕ್ಕೆ 3:2 ಬೇಕಾದರೆ ಎತ್ತರ 1620, ಅಂದರೆ 300 ಹೋಗಬೇಕು. ಮುನ್ನೂರನ್ನೂ ಕೆಳಗಿಂದಲೇ ತೆಗೆಯಿರಿ, ಮೇಲಿಂದ ಒಂದು ಗೆರೆಯೂ ಬೇಡ. ಸೊಂಟದ ಹತ್ತಿರ ಕೈಗಳು ಇದ್ದರೆ ಎಲ್ಲಿ ತುಂಡಾಗುತ್ತೆ ಅಂತ ನೋಡಿಕೊಳ್ಳಿ. ಮಣಿಕಟ್ಟಿನಲ್ಲೋ ಬೆರಳಿನಲ್ಲೋ ಕತ್ತರಿಸಬೇಡಿ. ಮೊಣಕೈಗಿಂತ ಸ್ವಲ್ಪ ಮೇಲೆ ಬಂದರೆ ಚೆನ್ನ.

ಹಾರ ಹಾಕೋ ಫೋಟೋಗೆ ಮೇಲೆ ಜಾಗ ಮುಖ್ಯ. ಹಾರ ಫ್ರೇಮಿನ ಮೇಲಂಚಿನಿಂದ ಎರಡು ಬದಿಗೆ ಇಳಿಯುತ್ತೆ. ಸೇವಂತಿಗೆ ಹಾರ ಅಂದರೆ ದಪ್ಪ, ಮೇಲೆ ಒಂದೂವರೆ ಇಂಚು ಆದರೂ ಮುಚ್ಚುತ್ತೆ. ನಿಮ್ಮ 90 ಪಿಕ್ಸೆಲ್ 12x18ರಲ್ಲಿ ಒಂದು ಇಂಚು, ಅದರಲ್ಲೂ ಕಾಲು ಇಂಚು ಮರದ ಕೆಳಗೆ. ಅಜ್ಜನ ಹಣೆ ಮೇಲೆ ಹೂವು ಬರುತ್ತೆ.

ಅದಕ್ಕೆ ಪ್ರಿಂಟ್ 8x12 ಮಾಡಿಸಿ, ಫ್ರೇಮ್ 12x16 ಹೇಳಿ, ಮಧ್ಯೆ ಮೌಂಟ್ ಬೋರ್ಡ್ ಕತ್ತರಿಸಿ ಕೊಡಿ ಅನ್ನಿ. ನಾಲ್ಕೂ ಕಡೆ ಸರಿಯಾಗಿ ಎರಡೆರಡು ಇಂಚು ಬರುತ್ತೆ. ಹಾರ ಬೋರ್ಡಿನ ಮೇಲೆ ಬೀಳುತ್ತೆ, ಮುಖದ ಮೇಲಲ್ಲ.

ಚೌಕಟ್ಟು
ಇನ್ನೊಂದು ಕಾರಣಕ್ಕೂ 12x18 ಬೇಡ. 1080 ಪಿಕ್ಸೆಲ್ 12 ಇಂಚಿಗೆ ಹರಡಿದರೆ ಇಂಚಿಗೆ 90 ಮಾತ್ರ. ಹತ್ತಿರ ನಿಂತು ಕುಂಕುಮ ಇಡುವಾಗ ಕಣ್ಣಿನ ರೆಪ್ಪೆ ಎಲ್ಲ ಕಲಸಿದ ಹಾಗೆ ಕಾಣುತ್ತೆ. 8 ಇಂಚಿಗಾದರೆ 135 ಸಿಗುತ್ತೆ. ಅದೂ ಕಡಿಮೆಯೇ, ಆದರೆ ಗೋಡೆ ಮೇಲೆ ಐದಾರು ಅಡಿ ದೂರದಿಂದ ನೋಡಿದರೆ ನಡೆಯುತ್ತೆ. ಸ್ಟೇಟಸ್ ಹಾಕಿದವರ ಫೋನಿನಲ್ಲಿ ಮೂಲ ಫೋಟೋ ಇದೆಯಾ ಕೇಳಿ. ಸ್ಟೇಟಸ್‌ಗೆ ಹಾಕುವಾಗ ಬದಿ ಕತ್ತರಿಸಿರೋ ಸಾಧ್ಯತೆಯೂ ಇದೆ. ಮೂಲ ಸಿಕ್ಕರೆ ತಲೆ ಮೇಲೆ ಇನ್ನಷ್ಟು ಗೋಡೆ ಸಿಗಬಹುದು.

ರೇಖಾ_ಎಂ
ಅತ್ತಿಗೆ ಹತ್ತಿರ ಮೂಲ ಇರಬೇಕು, ಕೇಳ್ತೀನಿ. ಹಾರದ ವಿಷಯ ಯಾರೂ ಹೇಳಿರಲಿಲ್ಲ.

ಹಳೇ_ಸ್ಟುಡಿಯೋ
ಈ 8x10 ಯಾಕೆ ಬಂತು ಅಂತ ಹುಡುಗರಿಗೆ ಗೊತ್ತಿರಲ್ಲ. ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳ ಫಿಲ್ಮ್ ಹಾಳೆಯೇ 4x5 ಮತ್ತು 8x10 ಇಂಚು. ಹಾಳೆಗೆ ತಕ್ಕ ಕಾಗದ, ಕಾಗದಕ್ಕೆ ತಕ್ಕ ಚೌಕಟ್ಟು. ಆಮೇಲೆ 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು, ಅದರ ನೆಗೆಟಿವ್ 24x36 ಮಿಲಿಮೀಟರ್, 3:2. ಇವತ್ತಿನ ಡಿಎಸ್‌ಎಲ್‌ಆರ್ ಅದನ್ನೇ ಹಿಡಿದುಕೊಂಡು ಬಂದಿದೆ. ಕ್ಯಾಮೆರಾ ಬದಲಾಯಿತು, ಫ್ರೇಮ್ ಅಂಗಡಿಯ ಅಳತೆ ಬದಲಾಗಲಿಲ್ಲ.

120 ರೋಲಿನ ಚೌಕ ನೆಗೆಟಿವ್ ಕಾಲದಲ್ಲಿ ಚೌಕ ಪ್ರಿಂಟ್ ಬಿಟ್ಟರೆ ಬೇರೆ ಯಾವುದೂ ಕತ್ತರಿಸದೆ ಆಗ್ತಿರಲಿಲ್ಲ. ಚೌಕದಿಂದ ಉದ್ದನೆಯ ಯಾವ ಕಾಗದಕ್ಕೆ ಹೋದರೂ ಒಂದು ಕಡೆ ಬಿಡಲೇಬೇಕು. ಹಾಗಾಗಿ ಫೋಟೋ ತೆಗೆಯುವಾಗಲೇ ಬಿಡೋ ಜಾಗ ಇಟ್ಟುಕೊಂಡೇ ತೆಗೀತಿದ್ದರು. ಈಗಿನವರು ವ್ಯೂಫೈಂಡರ್ ತುಂಬಿಸಿಬಿಡ್ತಾರೆ. ಸುಮಾ ಅವರ ಫೋಟೋದಲ್ಲೂ ಆಗಿರೋದು ಅದೇ. ಎರಡು ಹೆಜ್ಜೆ ಹಿಂದೆ ನಿಂತು ತೆಗೆದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಚೌಕಟ್ಟು
ಒಪ್ಪಿದೆ. ಲೆಕ್ಕ ಇಷ್ಟೇ: 3:2 ಕ್ಯಾಮೆರಾದಲ್ಲಿ ತೆಗೆದು 8x10 ಫ್ರೇಮಿಗೆ ಹಾಕೋದಾದರೆ ಜನ ಅಗಲದ ಐದರಲ್ಲಿ ನಾಲ್ಕು ಪಾಲಿನೊಳಗೆ ಇರಬೇಕು. 6000ಕ್ಕೆ 4750 ಅಂದರೆ ಹೆಚ್ಚುಕಡಿಮೆ ಅಷ್ಟೇ. ಎರಡು ತುದಿಯಲ್ಲಿ ಹತ್ತನೇ ಒಂದೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಖಾಲಿ ಬಿಟ್ಟರೆ 8x10 ಫ್ರೇಮಿಗೆ ಕೂರುತ್ತೆ.

ಪಾಟೀಲ_ಧಾರವಾಡ
ಭಟ್ರ ಬಿಳಿ ಅಂಚಿನ ವಿಚಾರ ನನಗ ಪೂರಾ ಒಪ್ಪಿಗಿ ಇಲ್ರೀ. ಮದಲ 17 ಮಂದಿ, ಅದರಾಗ ಫೋಟೋನ ಸಣ್ಣದು ಮಾಡಿದ್ರ ಅಜ್ಜಿಗಳಿಗೆ ಮಾರಿ ಕಾಣ್ಸೂದ ಹೆಂಗ? ಫ್ರೇಮ್ ಕೊಡೂದು ಮಾರಿ ನೋಡ್ಲಿ ಅಂತಲ್ಲ?

ಬೀಡಿಂಗ್_ಭಟ್ರು
ನ್ಯಾಯವಾದ ಮಾತು. ಸುಮಾ ಅವರೇ, ಒಂದು ಮುಖದ ಎತ್ತರ, ತಲೆಯಿಂದ ಗದ್ದದವರೆಗೆ, ಎಷ್ಟು ಪಿಕ್ಸೆಲ್ ಇದೆ?

ಸುಮಾ_ತಿಪಟೂರು
ಕುರ್ಚಿಯಲ್ಲಿ ಕೂತ ಅಜ್ಜಿಯದು 260 ಹತ್ತಿರ.

ಬೀಡಿಂಗ್_ಭಟ್ರು
8x10 ಪೂರ್ತಿ ತುಂಬಿಸಿದ್ದರೆ ಆ ಮುಖ ಅರ್ಧ ಇಂಚಿಗಿಂತ ಒಂದು ಕೂದಲೆಳೆ ಹೆಚ್ಚು, 13 ಮಿಲಿಮೀಟರ್. ನಾನು ಹೇಳಿದ ರೀತಿಯಲ್ಲಿ 10 ಮಿಲಿಮೀಟರ್. ಕಾಲು ಪಾಲು ಸಣ್ಣದಾಗುತ್ತೆ, ಅದು ನಿಜ. ಟೇಬಲ್ ಮೇಲೆ ಇಟ್ಟು ನೋಡೋಕೆ ಪರವಾಗಿಲ್ಲ. ಗೋಡೆಗೆ ಹಾಕಿ ಸೋಫಾದಿಂದ ನೋಡೋದಾದರೆ ಪಾಟೀಲರು ಹೇಳೋದು ಸರಿ.

ಗೋಡೆಗಾದರೆ 12x16 ಫ್ರೇಮ್ ತಗೊಳ್ಳಿ, ಒಳಗೆ 8x12 ಪೂರ್ತಿ ಫೋಟೋ, ಏನೂ ಕ್ರಾಪ್ ಇಲ್ಲ. ರೇಖಾ ಅವರಿಗೆ ಹೇಳಿದ್ದೇ, ಅಡ್ಡ ಮಾಡಿದ್ದು. ಮುಖ 13 ಮಿಲಿಮೀಟರ್ ಸಿಗುತ್ತೆ. ಮೌಂಟ್ ಬೋರ್ಡಿನ ಕಿಟಕಿ ಪ್ರಿಂಟಿಗಿಂತ ಪ್ರತಿ ಬದಿಗೆ ಇಂಚಿನ ಎಂಟನೇ ಒಂದು ಪಾಲು ಸಣ್ಣದಿರಲಿ, ಅಂದರೆ 7¾ x 11¾. ನಿಮ್ಮ ಫೈಲಿನಲ್ಲಿ ಅದು 62 ಪಿಕ್ಸೆಲ್ ಮುಚ್ಚುತ್ತೆ. ಮೆಷಿನ್ ನುಂಗೋ 40 ಸೇರಿದರೂ ನೂರರ ಆಸುಪಾಸು, ಮಕ್ಕಳ ಮಂಡಿ ಕೆಳಗೆ 140 ಇದೆ. ದಾಟಲ್ಲ, ಆದರೆ ಬಿಗಿ. ಹಾಗಾಗಿ ಪ್ರಿಂಟ್ ಅನ್ನು ಕಿಟಕಿಯ ಹಿಂದೆ ಅಂಟಿಸುವಾಗ ಮೇಲಕ್ಕೆ ಒತ್ತಿ ಹಿಡಿದು ಅಂಟಿಸಿ ಅಂತ ಹೇಳಿ. ಮೇಲೆ ತೋರಣ ಸ್ವಲ್ಪ ಹೋಗಲಿ.

ಕಿಟಕಿಯನ್ನು ಸರಿಯಾಗಿ 8x12 ಅಂತಲೇ ಕತ್ತರಿಸೋರು ಇದ್ದಾರೆ. ಆಗ ಪ್ರಿಂಟ್ ಹಿಂದೆ ಹಿಡಿಯೋಕೆ ಏನೂ ಇರಲ್ಲ, ಒಂದು ಮೂಲೆಯಲ್ಲಿ ಬಿರುಕಿನ ಹಾಗೆ ಗೆರೆ ಕಾಣುತ್ತೆ.

ವಿಕಾಸ್_ಸ್ಯಾನ್‌ಹೋಸೆ
ಇಲ್ಲಿ ಅಮೆರಿಕದಲ್ಲಿ ಅಂಗಡಿಯಲ್ಲಿ ಮೌಂಟ್ ಸಮೇತ ಸಿದ್ಧ ಫ್ರೇಮ್ ಸಿಗುತ್ತೆ, ಹೊರಗೆ 11x14, ಕಿಟಕಿ 8x10ಕ್ಕೆ. ಅದರಲ್ಲೂ 3:2 ಫೋಟೋಗೆ ಇದೇ ಗೋಳು. ಕಿಟಕಿ ಯಾವ ಅಳತೆಗೆ ಕತ್ತರಿಸಿದೆ ಅಂತ ಡಬ್ಬಿ ಮೇಲೆ ಓದಿ ತಗೋಬೇಕು, ಹೊರಗಿನ ಅಳತೆ ಓದಿ ಅಲ್ಲ.

ಚೌಕಟ್ಟು
ನನಗೆ ಬಿಳಿ ಅಂಚಿಗಿಂತ ಬೇರೆ ದಾರಿ ಇಷ್ಟ. ಜಾಗವನ್ನು ಕಳೆಯೋ ಬದಲು ಮೇಲೆ ಕೂಡಿಸಿ. ಅಗಲ 5333 ಇಟ್ಟುಕೊಂಡು 5:4 ಬೇಕಾದರೆ ಎತ್ತರ 4267. ಮೇಲೆ 267 ಪಿಕ್ಸೆಲ್ ಗೋಡೆ ಸೇರಿಸಿದರೆ ಸಾಕು, 8x10 ಪೂರ್ತಿ ತುಂಬುತ್ತೆ. ಇಂಚಿಗೆ 533 ಆಗುತ್ತೆ, ಮುಖ 12 ಮಿಲಿಮೀಟರ್ ಉಳಿಯುತ್ತೆ.

ಬೀಡಿಂಗ್_ಭಟ್ರು
ಫ್ರೇಮ್ ತುಟಿ ಮರೆತಿರಾ? ಇಂಚಿಗೆ 533 ಅಂದರೆ ಕಾಲು ಇಂಚಿಗೆ 133. ಬದಿಯಲ್ಲಿ ಇರೋದು 110 ಮತ್ತು 113. ಮಾವನ ಮೊಣಕೈ ಮತ್ತೆ ಮರದ ಕೆಳಗೆ.

ಚೌಕಟ್ಟು
ಹಾಗಾದರೆ ಅಗಲ 5333 ಸಾಲದು, 5500 ಇಟ್ಟುಕೊಳ್ಳೋಣ. ಎತ್ತರ 4400, ಮೇಲೆ 400 ಸೇರಿಸಬೇಕು. ಕಾಲು ಇಂಚಿಗೆ 138, ಬದಿಗೆ 195ರಷ್ಟು ಜಾಗ ಸಿಗುತ್ತೆ. ಕೂರುತ್ತೆ. ಆದರೆ ಕೆಳಗಡೆ 140 ಇದೆ, ಅಲ್ಲಿ 138 ಹೋಗುತ್ತೆ. ಜಮಖಾನ ಕೆಳಗೂ ನೂರು ಪಿಕ್ಸೆಲ್ ಮುಂದುವರಿಸಬೇಕು, ಮೇಲೆ 300 ಸಾಕು.

ಹಳೇ_ಸ್ಟುಡಿಯೋ
ಜಮಖಾನದ ಪಟ್ಟೆ ಮುಂದುವರಿಸೋದು ಹೇಳಿದಷ್ಟು ಸುಲಭವಲ್ಲ. ಪಟ್ಟೆಗಳು ಕ್ಯಾಮೆರಾ ಕಡೆ ಬಂದಂತೆ ಅಗಲವಾಗುತ್ತಾ ಬರುತ್ತೆ. ಮೇಲಿನ ಭಾಗ ನಕಲು ಮಾಡಿ ಕೆಳಗೆ ಅಂಟಿಸಿದರೆ ಪಟ್ಟೆ ಅಲ್ಲಿ ಮುರಿದ ಹಾಗೆ ಕಾಣುತ್ತೆ. ಮೇಲೆ ಗೋಡೆ ಸೇರಿಸೋದಕ್ಕೂ ತೋರಣದ ದಾರ ಕಟ್ಟಿದ ಮೊಳೆ, ಬಾಗಿಲ ಚೌಕಟ್ಟು ಇದ್ದರೆ ಅದೂ ಕಷ್ಟ. ಇಲ್ಲದ್ದನ್ನು ಹುಟ್ಟಿಸೋದಕ್ಕಿಂತ ಬಿಳಿ ಅಂಚು ಮೇಲು ಅಂತ ನನ್ನ ಅಭಿಪ್ರಾಯ.

ಚೌಕಟ್ಟು
ಸುಣ್ಣದ ಗೋಡೆ ಸ್ವಲ್ಪ ಹೆಚ್ಚಿಸಿದರೆ ಯಾರಿಗೂ ಮೋಸವಿಲ್ಲ. ಬಿಳಿ ಅಂಚು ಹಾಕಿದ ಫೋಟೋ ತೇಗದ ಫ್ರೇಮಿನಲ್ಲಿ ಆಲ್ಬಮ್ ಹಾಳೆ ಕಿತ್ತು ಹಾಕಿದ ಹಾಗೆ ಕಾಣುತ್ತೆ ನನಗೆ. ಕೊನೇಪಕ್ಷ ಅಚ್ಚ ಬಿಳಿ ಬದಲು ಸ್ವಲ್ಪ ಕೆನೆ ಬಣ್ಣ ಕೊಡಿ.

ಬೀಡಿಂಗ್_ಭಟ್ರು
ಕೆನೆ ಬಣ್ಣಕ್ಕೆ ನನ್ನ ಒಪ್ಪಿಗೆ ಇದೆ. ಅಂಚು ತೆಳ್ಳಗೆ ಮಾಡಬೇಡಿ ಅಷ್ಟೇ. ಕಾಗದ ಒಂದು ಮಿಲಿಮೀಟರ್ ಆಚೀಚೆ ಆಗೇ ಆಗುತ್ತೆ. ಕಾಣೋ ಅಂಚು ಮುಕ್ಕಾಲು ಇಂಚಿದ್ದರೆ ಗೊತ್ತಾಗಲ್ಲ. ಮೂರು ಮಿಲಿಮೀಟರ್ ಅಂಚಿನಲ್ಲಿ ಒಂದು ಮಿಲಿಮೀಟರ್ ಸರಿದರೆ ಎದ್ದು ಕಾಣುತ್ತೆ.

ಕಿರಣ್_99
ಪ್ರಿಂಟ್ ಹಾಕಿಸೋ ಮೊದಲು ಹೇಗೆ ಕಾಣುತ್ತೆ ಅಂತ ನೋಡೋಕೆ ಏನಾದ್ರೂ ಇದೆಯಾ? ಸ್ಕ್ರೀನ್ ಮೇಲೆ ಎಲ್ಲಾ ಚೆನ್ನಾಗೇ ಕಾಣುತ್ತೆ.

ಹಳೇ_ಸ್ಟುಡಿಯೋ
ಕತ್ತರಿಸದ ಒಂದು 4x6 ಪ್ರಿಂಟ್ ಹಾಕಿಸಿಕೊಳ್ಳಿ. ರಟ್ಟಿನಿಂದ ಎಲ್ ಆಕಾರದ ಎರಡು ತುಂಡು ಕತ್ತರಿಸಿ ಎದುರುಬದುರು ಇಟ್ಟರೆ ಕಿಟಕಿಯಾಗುತ್ತೆ. 4x5 ಇಂಚಿಗೆ ಇಟ್ಟರೆ ಅದೇ ನಿಮ್ಮ 8x10. ಎಡಕ್ಕೆ ಬಲಕ್ಕೆ ಸರಿಸಿ ನೋಡಿ. ಯಾರ ಕೈ ಹೋಗುತ್ತೆ, ಯಾವ ಕಂಬ ಅರ್ಧ ಉಳಿಯುತ್ತೆ, ಎಲ್ಲಾ ಕಣ್ಣಿಗೇ ಕಾಣುತ್ತೆ. ಫ್ರೇಮ್ ತುಟಿಗೆ ಅಂತ ಪ್ರತಿ ಬದಿಗೂ ಇನ್ನೊಂದು ಮೂರು ಮಿಲಿಮೀಟರ್ ಒಳಕ್ಕೆ ತನ್ನಿ.

ಪಾಟೀಲ_ಧಾರವಾಡ
ಇದು ಚೊಲೋ ಅದ. ಖರ್ಚೂ ಇಲ್ಲ.

ಸುಮಾ_ತಿಪಟೂರು
ಎಲ್ಲರಿಗೂ ಧನ್ಯವಾದ. ಅತ್ತೆಯವರು ಟಿವಿ ಪಕ್ಕದ ಟೇಬಲ್ ಮೇಲೆ ಇಡ್ತಾರೆ, ಅವರಿಗೆ 8x10ರೊಳಗೆ 6x8, ಕೆನೆ ಬಣ್ಣದ ಅಂಚು. ಅಮ್ಮನಿಗೆ ಗೋಡೆಗೆ ಬೇಕು, ಅದಕ್ಕೆ 12x16 ಮೌಂಟ್ ಸಮೇತ ಹೇಳ್ತೀನಿ. ಹಾಗಾದರೆ ಒಂದು ತೇಗದ 8x10 ಉಳಿಯುತ್ತೆ. ಅಜ್ಜಿ ತಾತ ಇಬ್ಬರೇ ಕೂತಿರೋ ಉದ್ದದ ಫೋಟೋ ಇದೆ, 4000x6000. ಅದರಲ್ಲಿ 1000 ಹೋಗಬೇಕು ಅಲ್ವಾ? ಪಾದದ ಕೆಳಗೆ ನೆಲ 400 ಇದೆ, ತಲೆ ಮೇಲೆ 1500 ಇದೆ.

ಬೀಡಿಂಗ್_ಭಟ್ರು
ಅದು ಸಲೀಸು. ಮೇಲಿಂದ 900, ಕೆಳಗಿಂದ 100 ತೆಗೆಯಿರಿ. ತಲೆ ಮೇಲೆ 600, ಪಾದದ ಕೆಳಗೆ 300 ಉಳಿಯುತ್ತೆ, ತುಟಿಗೆ 125 ಹೋದರೂ ಎರಡು ಕಡೆ ಜಾಗ ಇದೆ. ತಾತನ ಊರುಗೋಲು ಪಕ್ಕಕ್ಕೆ ಚಾಚಿದ್ದರೆ ಅದರ ತುದಿ ಅಂಚಿನಿಂದ 125ಕ್ಕಿಂತ ಒಳಗಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ರೇಖಾ_ಎಂ
ಅತ್ತಿಗೆ ಮೂಲ ಫೋಟೋ ಕಳಿಸಿದ್ರು, 3000x4000 ಇದೆ. ತಲೆ ಮೇಲೆ 520 ಪಿಕ್ಸೆಲ್ ಗೋಡೆ ಇದೆ. ಈಗ ಪಕ್ಕದಲ್ಲಿ ಅಜ್ಜಿಯ ಕೈ ಅಜ್ಜನ ಭುಜದ ಮೇಲಿರೋದೂ ಕಾಣ್ತಿದೆ. 8x12ಕ್ಕೆ ಕತ್ತರಿಸಿದರೆ ಆ ಕೈ ಹೋಗುತ್ತೆ. ಇಡಬೇಕಾ ಬಿಡಬೇಕಾ?

ಚೌಕಟ್ಟು
ಕೈ ಎಲ್ಲಿಂದ ಶುರುವಾಗುತ್ತೆ ಅನ್ನೋದರ ಮೇಲಿದೆ. 3000 ಅಗಲದಲ್ಲಿ 333 ಹೋಗಬೇಕು. ಬೆರಳು ಮಾತ್ರ ಭುಜದ ಮೇಲೆ ಉಳಿದರೆ ನೋಡಿದವರು "ಯಾರ ಕೈ" ಅಂತ ಕೇಳ್ತಾರೆ, ಒರೆಸೋದೂ ಕಷ್ಟ. ಮೊಣಕೈವರೆಗೆ ಉಳಿಯೋದಾದರೆ ಇಡಬಹುದು.

ಬೀಡಿಂಗ್_ಭಟ್ರು
4:3 ಹಾಗೇ ಇಟ್ಟು 9x12 ಪ್ರಿಂಟ್ ಮಾಡಿಸಿದರೆ ಏನೂ ಕತ್ತರಿಸಬೇಕಿಲ್ಲ. 12x16 ಫ್ರೇಮಿನಲ್ಲಿ ಬದಿಗೆ ಒಂದೂವರೆ, ಮೇಲೆ ಕೆಳಗೆ ಎರಡು ಇಂಚು ಬೋರ್ಡ್ ಬರುತ್ತೆ. ಹಾರಕ್ಕೆ ಮೇಲೆ ಹೆಚ್ಚಿರೋದೇ ಬೇಕು. ಅಜ್ಜಿಯ ಕೈ ಇರಲಿ ಅಂತ ನನ್ನ ಮನಸ್ಸು, ಆದರೆ ಮನೆಯವರನ್ನು ಕೇಳಿ.